ಐದಕ್ಕೆ ಐದು ಸರಿ ಹೇಳಿದವನು

"ಅಕ್ಕ, ನನಗೆ 26 ವರ್ಷ, ದಾವಣಗೆರೆ. ಟೆಲಿಗ್ರಾಂನಲ್ಲಿ ಒಬ್ಬ ಐಪಿಎಲ್‌ನ ಐದು ಮ್ಯಾಚ್ ಸಾಲಾಗಿ ಸರಿ ಹೇಳಿದ. ಅವನು ಕೊಟ್ಟ ಲಿಂಕ್‌ನಲ್ಲಿ, ಅಮ್ಮನ ಬಳೆ ಅಡವಿಟ್ಟು 80,000 ಹಾಕಿದೆ. ಈಗ ಅಲ್ಲಿ 2,00,000 ತೋರಿಸ್ತಿದೆ. ತೆಗೆಯೋಕೆ ಮೊದಲು 60,000 ಟ್ಯಾಕ್ಸ್ ಕಟ್ಟಬೇಕಂತೆ, ಇವತ್ತೇ ಕೊನೆ. ಗೆಳೆಯನ ಹತ್ತಿರ ಸಾಲ ಕೇಳಲಾ? ಪೊಲೀಸ್ ಅಂದ್ರೆ ಭಯ. ಅಮ್ಮನಿಗೆ ಗೊತ್ತಿಲ್ಲ."

ಬೇಡ ತಮ್ಮಾ, ಇನ್ನು ಒಂದು ರೂಪಾಯಿಯನ್ನೂ ಕಳಿಸಬೇಡ. ಆ 2,00,000 ದುಡ್ಡಲ್ಲ, ಅವರು ಪರದೆ ಮೇಲೆ ಟೈಪ್ ಮಾಡಿದ ಅಂಕಿ.

ಐದು ಸರಿ ಹೇಗೆ ಬಂತು ಅಂತ ನೋಡು. 3,200 ಜನರಿಗೆ ಮೆಸೇಜ್ ಹೋಗುತ್ತದೆ. ಅರ್ಧ ಜನಕ್ಕೆ ಬೆಂಗಳೂರು ಗೆಲ್ಲುತ್ತದೆ ಅಂತ, ಉಳಿದರ್ಧಕ್ಕೆ ಚೆನ್ನೈ ಅಂತ. ತಪ್ಪು ಉತ್ತರ ಸಿಕ್ಕವರನ್ನು ಬಿಟ್ಟು, ಉಳಿದ 1,600 ಜನರನ್ನು ಮುಂದಿನ ಮ್ಯಾಚ್‌ಗೆ ಮತ್ತೆ ಎರಡು ಪಾಲು ಮಾಡುತ್ತಾರೆ. 800, 400, 200. ಐದನೇ ಮ್ಯಾಚ್ ಮುಗಿದಾಗ 100 ಜನ ಉಳಿದಿರುತ್ತಾರೆ, ಅವರ ಪಾಲಿಗೆ ಇವನು ಒಮ್ಮೆಯೂ ತಪ್ಪಿಲ್ಲದವನು. ಆ ನೂರರಲ್ಲಿ ನೀನೊಬ್ಬ ಇರಬಹುದು. ಇಷ್ಟು ಕಷ್ಟಪಡದವರೂ ಇದ್ದಾರೆ, ಮ್ಯಾಚ್ ಆದಮೇಲೆ ಹಳೆ ಪೋಸ್ಟನ್ನೇ ಎಡಿಟ್ ಮಾಡಿ, ತಪ್ಪಾದದ್ದನ್ನು ಅಳಿಸಿಬಿಡುತ್ತಾರೆ.

ಲಿಂಕ್‌ನ ವಿಳಾಸವನ್ನು ಒಂದೊಂದೇ ಅಕ್ಷರ ಓದು. ಹೆಸರುವಾಸಿ ಆ್ಯಪ್‌ನ ಲೋಗೋ, ಬಣ್ಣ ಎಲ್ಲ ನಕಲು ಮಾಡಿರುತ್ತಾರೆ, ವಿಳಾಸದಲ್ಲಿ ಒಂದು ಅಕ್ಷರ ಜಾಸ್ತಿ ಇರುತ್ತದೆ. ನೀನು ದುಡ್ಡು ಹಾಕಿದ ಯುಪಿಐ ಕಂಪನಿ ಹೆಸರಲ್ಲಿತ್ತಾ, ಇಲ್ಲಾ ಪ್ರತಿ ಸಲ ಬೇರೆ ಬೇರೆ ವ್ಯಕ್ತಿಯ ಹೆಸರಲ್ಲಿತ್ತಾ? ಬಾಡಿಗೆಗೆ ತಗೊಂಡ ಖಾತೆಗಳು ಅವು. ಮೊದಲು ನಂಬಿಸೋಕೆ ನಿನಗೆ ಒಂದೆರಡು ಸಾವಿರ ವಾಪಸ್ ಕಳಿಸಿದ್ದರೆ ಅದು ಇನ್ನೊಬ್ಬ ಮೋಸಹೋದವನ ದುಡ್ಡಾಗಿರಬಹುದು, ಅವನು ದೂರು ಕೊಟ್ಟರೆ ನಿನ್ನ ಖಾತೆಯೂ ಫ್ರೀಜ್ ಆಗಬಹುದು. ಅದನ್ನೂ ದೂರಿನಲ್ಲಿ ಬರೆ, ಮುಚ್ಚಿಡಬೇಡ.

ಗೆದ್ದ ಹಣಕ್ಕೆ 30% ಟಿಡಿಎಸ್ ಇರುವುದು ನಿಜ. ಆದರೆ ಅದನ್ನು ಕೊಡುವವನೇ ಹಿಡಿದುಕೊಂಡು ಉಳಿದದ್ದನ್ನು ಕಳಿಸಬೇಕು, ಗೆದ್ದವನಿಂದ ಮುಂಗಡವಾಗಿ ಕೇಳುವ ಪದ್ಧತಿಯೇ ಇಲ್ಲ. ಈ 60,000 ಕೊಟ್ಟರೆ ನಾಳೆ "ಖಾತೆ ಅನ್‌ಲಾಕ್ ಶುಲ್ಕ" ಅಂತ ಇನ್ನೊಂದು ಬರುತ್ತದೆ.

ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡು, cybercrime.gov.in ನಲ್ಲೂ ದೂರು ಹಾಕು. ದುಡ್ಡು ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯೋಕೆ ಆಗುತ್ತದೆ, ತಡಮಾಡಿದಷ್ಟೂ ಕೈಜಾರುತ್ತದೆ. ಪ್ರತಿ ಪಾವತಿಯ ಯುಟಿಆರ್ ನಂಬರ್, ಅಂದರೆ ಆ ವರ್ಗಾವಣೆಯ ಗುರುತಿನ ಸಂಖ್ಯೆ, ಬರೆದಿಟ್ಟುಕೋ. ಜಗಳ ಆಡಿ ಬ್ಲಾಕ್ ಮಾಡುವ ಮೊದಲು ಚಾಟ್‌ನ ಸ್ಕ್ರೀನ್‌ಶಾಟ್ ತೆಗೆ, ಅವರು ಅಳಿಸಿಬಿಡುತ್ತಾರೆ. ಭಯ ಬೇಡ, 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಅವರ ಹಣ ಸಾಗಿಸುವವರಿಗೆ.

ಅಮ್ಮನಿಗೆ ಇವತ್ತೇ ಹೇಳು. ಬೈತಾರೆ, ಅಳ್ತಾರೆ. ಆದರೆ ಬಡ್ಡಿ ಕಟ್ಟದೆ ಬಳೆ ಹರಾಜಿಗೆ ಬಂದ ನೋಟಿಸ್ ನೋಡಿ ಗೊತ್ತಾಗೋದಕ್ಕಿಂತ ನಿನ್ನ ಬಾಯಿಂದ ಕೇಳೋದು ವಾಸಿ. ಮತ್ತೆ, ದೂರು ಕೊಟ್ಟಮೇಲೆ "ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಸ್ವಲ್ಪ ಫೀಸ್ ಕೊಡಿ" ಅಂತ ಯಾರಾದರೂ ಫೋನ್ ಮಾಡಿದರೆ ಫೋನ್ ಇಟ್ಟುಬಿಡು, ಅದೂ ಇದೇ ಗ್ಯಾಂಗ್‌ನವರ ಕೆಲಸವೇ ಇರಬಹುದು.