7 ಭಾಗಿಸು 15, ಉತ್ತರ ಓಮ್ ಅಲ್ಲ

ಪ್ರಶ್ನೆ: 9 ವೋಲ್ಟ್ ಬ್ಯಾಟರಿ, 2 ವೋಲ್ಟ್‌ನ ಕೆಂಪು ಎಲ್‌ಇಡಿ, 15 ಮಿಲಿಆಂಪ್ ಬೇಕು, ಎಷ್ಟು ಓಮ್‌ನ ರೆಸಿಸ್ಟರ್ ಹಾಕಬೇಕು? ನನ್ನ ಲೆಕ್ಕಕ್ಕೆ 0.47 ಓಮ್ ಬಂತು, ಲ್ಯಾಮಿಂಗ್ಟನ್ ರೋಡ್ ಅಂಗಡಿಯವರು 470 ಓಮ್ ಕೊಟ್ಟರು. ಯಾರು ಸರಿ?

ಅಂಗಡಿಯವರೇ ಸರಿ. ಬ್ಯಾಟರಿಯ 9 ವೋಲ್ಟ್‌ನಲ್ಲಿ ಎಲ್‌ಇಡಿಯ 2 ಕಳೆದರೆ ರೆಸಿಸ್ಟರ್‌ಗೆ ಉಳಿಯೋದು 7, ಅದನ್ನು 15ರಿಂದ ಭಾಗಿಸಿದ ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ, ಆದರೆ 15 ಅನ್ನೋದು ಮಿಲಿಆಂಪ್, ಅಂದರೆ 0.015 ಆಂಪ್.

```
7 V / 0.015 A = 467 Ω
```

ಅದಕ್ಕೆ ಹತ್ತಿರ ಸಿಗೋದು 470 ಓಮ್. ವೋಲ್ಟನ್ನು ಮಿಲಿಆಂಪ್‌ನಿಂದ ಭಾಗಿಸಿದರೆ ಉತ್ತರ ಕಿಲೋಓಮ್‌ನಲ್ಲಿ ಬರುತ್ತದೆ, ಮೈಕ್ರೋಆಂಪ್‌ನಿಂದ ಭಾಗಿಸಿದರೆ ಮೆಗಾಓಮ್‌ನಲ್ಲಿ, ಹಾಗಾಗಿ ನಿಮ್ಮ 0.47 ನಿಜವಾಗಿ 0.47 ಕಿಲೋಓಮ್ ಆಗಿತ್ತು, ಅದೇ 470 ಓಮ್ ಅಲ್ವಾ!

ಉತ್ತರ ಬಂದ ಮೇಲೆ ಒಮ್ಮೆ ತಿರುಗಿಸಿ ನೋಡಿ. 7 ವೋಲ್ಟಿಗೆ 0.47 ಓಮ್ ಇಟ್ಟರೆ ಲೆಕ್ಕದಲ್ಲಿ ಸುಮಾರು 15 ಆಂಪ್ ಹರಿಯಬೇಕು. ಆ ಪುಟ್ಟ ಬ್ಯಾಟರಿ ಅಷ್ಟು ಕೊಡೋದಿಲ್ಲ, ಅದರ ಒಳಗಿನ ರೋಧವೇ ತಡೆಯುತ್ತದೆ, ಆದರೂ ಬರುವಷ್ಟು ಕರೆಂಟೇ ಎಲ್‌ಇಡಿ ಸುಡಲು ಸಾಕು. ನನ್ನದೂ ಒಂದು ಹೀಗೇ ಹೋಗಿದೆ.

ಬರೆಯುವಾಗಲೂ ಜೋಪಾನ: `mA` ಮಿಲಿ, `µA` ಮೈಕ್ರೋ. ಸಣ್ಣ `m` ಜಾಗದಲ್ಲಿ ದೊಡ್ಡ `M` ಬರೆದರೆ ಅದು ಮೆಗಾ, ಆಗ ತಪ್ಪು ಸಾವಿರ ಪಟ್ಟಲ್ಲ, ನೂರು ಕೋಟಿ ಪಟ್ಟು.