ಎಂಗೇಜ್‌ಮೆಂಟ್ ರೇಟ್: ಯಾವುದರಿಂದ ಭಾಗಿಸಬೇಕು?

ಪ್ರಶ್ನೆ: ಒಂದೇ ರೀಲ್‌ಗೆ ಒಬ್ಬರು 9% ಅಂತಾರೆ, ಇನ್ನೊಬ್ಬರು 2% ಅಂತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ ಇರಬಹುದು, ಭಾಗಿಸಿದ ಸಂಖ್ಯೆ ಬೇರೆ ಅಷ್ಟೇ. 20,000 ಫಾಲೋವರ್ಸ್ ಇರುವ ಅಡುಗೆ ಪೇಜ್ ಒಂದಿದೆ ಅಂದುಕೊಳ್ಳಿ. ಅದರ ರೀಲ್ 60,000 ಜನರನ್ನು ತಲುಪಿತು, 90,000 ವ್ಯೂಸ್ ಬಂತು. ಲೈಕ್, ಕಾಮೆಂಟ್, ಶೇರ್, ಸೇವ್ ಎಲ್ಲಾ ಸೇರಿ ಎಂಗೇಜ್‌ಮೆಂಟ್ 1,800. ಫಾಲೋವರ್ಸ್ ಲೆಕ್ಕದಲ್ಲಿ 9%, ರೀಚ್ ಲೆಕ್ಕದಲ್ಲಿ 3%, ವ್ಯೂಸ್ ಲೆಕ್ಕದಲ್ಲಿ 2%.

ಇಲ್ಲಿ 9% ಸುಮ್ನೆ ಉಬ್ಬಿದ ಸಂಖ್ಯೆ. ನೋಡಿದವರಲ್ಲಿ ಬಹಳಷ್ಟು ಜನ ಫಾಲೋವರ್ಸೇ ಅಲ್ಲ. ಆದರೂ ಬೇರೆಯವರ ಪೇಜ್ ಹೋಲಿಸುವಾಗ ಫಾಲೋವರ್ಸ್ ಲೆಕ್ಕವೇ ಗತಿ, ಅವರ ರೀಚ್ ನಮಗೆ ಕಾಣೋದಿಲ್ಲವಲ್ಲ.

ನಿಮ್ಮದೇ ಪೋಸ್ಟ್‌ಗಳಿಗೆ ರೀಚ್ ಲೆಕ್ಕ ವಾಸಿ. ಆದರೆ ಅದೂ ಮೋಸ ಮಾಡುತ್ತದೆ. ಅದೇ ಪೇಜಿನ ಒಂದು ಫೋಟೋ 4,000 ಜನರಿಗಷ್ಟೇ ತಲುಪಿ 320 ಎಂಗೇಜ್‌ಮೆಂಟ್ ಪಡೆದರೆ 8% ಆಯಿತು. ರೀಲ್‌ಗಿಂತ ಫೋಟೋ ಚೆನ್ನಾಗಿತ್ತು ಅಂತಲ್ಲ. ಅದನ್ನು ನೋಡಿದವರು ಹೆಚ್ಚಾಗಿ ಹಳೇ ಅಭಿಮಾನಿಗಳಿರಬಹುದು. ಹಾಗಾಗಿ ರೀಚ್ ಸುಮಾರು ಒಂದೇ ಇರುವ ಪೋಸ್ಟ್‌ಗಳನ್ನೇ ಹೋಲಿಸಿ, ಫಾಲೋವರ್ಸ್ ಅಲ್ಲದವರ ಪಾಲು ಎಷ್ಟು ಅಂತಲೂ ಇನ್‌ಸೈಟ್ಸ್‌ನಲ್ಲಿ ನೋಡಿ.

ವ್ಯೂಸ್‌ನಲ್ಲಿ ಒಬ್ಬರೇ ಮತ್ತೆ ಮತ್ತೆ ನೋಡಿದ್ದೂ ಸೇರುತ್ತದೆ. ಜನ ಇಷ್ಟಪಟ್ಟು ಎರಡೆರಡು ಸಲ ನೋಡಿದರೆ ರೇಟ್ ಇಳಿಯುತ್ತದೆ, ವಿಚಿತ್ರ ಅಲ್ವಾ! ಜೊತೆಗೆ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೋ ಶುರುವಾದರೆ ಸಾಕು, ಒಂದು ವ್ಯೂ. ಆ ದಿನದ ಹಿಂದಿನ, ಮುಂದಿನ ರೇಟ್‌ಗಳನ್ನು ಒಂದೇ ಗ್ರಾಫಿನಲ್ಲಿ ಹಾಕಬೇಡಿ.