ಊಟ ಸೇರದ ದಿನಗಳು ಮುಗಿದ ಮೇಲೆ

*ಎರಡು ವರ್ಷದಿಂದ ಪ್ರೀತಿಸುತ್ತಿದ್ದೇವೆ ಸರ್. ಮೊದಲೆಲ್ಲ ಅವನ ಮೆಸೇಜ್ ಬಂದರೆ ಊಟ ಸೇರುತ್ತಿರಲಿಲ್ಲ. ಈಗ ಏನೂ ಅನಿಸುವುದಿಲ್ಲ. ಸಾಲದ್ದಕ್ಕೆ, ಸಂಬಳದಲ್ಲಿ ಅರ್ಧ ಊರಿಗೆ ಕಳಿಸುತ್ತಾನೆಂದು ವಾರಕ್ಕೊಂದು ಜಗಳ. ಇನ್ನೇನು ಮನೆಯಲ್ಲಿ ಹೇಳಬೇಕು ಅನ್ನುವಾಗ ಅನುಮಾನ ಶುರುವಾಗಿದೆ. ಪ್ರೀತಿ ಮುಗಿಯಿತಾ?*
— ಓದುಗರೊಬ್ಬರು, ದಾವಣಗೆರೆ

ಎರಡು ಬೇರೆ ಎಳೆಗಳು ಗಂಟು ಬಿದ್ದಿವೆಯಮ್ಮ. ಮೊದಲು ಬಿಡಿಸೋಣ.

ಊಟ ಸೇರದ ಆ ಸ್ಥಿತಿಗೆ ಮನಶ್ಶಾಸ್ತ್ರಜ್ಞೆ ಡೊರೊಥಿ ಟೆನ್ನೊವ್ ತಮ್ಮ 1979ರ ಪುಸ್ತಕದಲ್ಲಿ ‘ಲಿಮರೆನ್ಸ್’ ಎಂದು ಕರೆದರು. ಸಾಮಾನ್ಯವಾಗಿ ಅದರ ಆಯಸ್ಸು ಒಂದೂವರೆಯಿಂದ ಮೂರು ವರ್ಷ. 1999ರಲ್ಲಿ ಇಟಲಿಯ ಪೀಸಾದ ಸಂಶೋಧಕರು ಹೊಸದಾಗಿ ಪ್ರೀತಿಗೆ ಬಿದ್ದ 20 ಜನರ ರಕ್ತ ಪರೀಕ್ಷಿಸಿದಾಗ, ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕಕ್ಕೆ ಸಂಬಂಧಿಸಿದ ಒಂದು ಅಂಶ ಗೀಳುರೋಗಿಗಳಲ್ಲಿ ಇರುವಂತೆಯೇ ತಗ್ಗಿತ್ತು. ವರ್ಷದ ಮೇಲೆ ಕೆಲವರನ್ನು ಮತ್ತೆ ನೋಡಿದರೆ ಎಲ್ಲ ಮಾಮೂಲಾಗಿತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ನಿಮ್ಮಲ್ಲಿ ಮುಗಿದಿರುವುದು ಆ ಗೀಳು ಎಂದೇ ನನ್ನ ಅಂದಾಜು. ಅದು ಇರುವಾಗ ಮದುವೆಯಂಥ ನಿರ್ಧಾರ ತೆಗೆದುಕೊಳ್ಳಬಾರದು. ನೀವು ತೆಗೆದುಕೊಂಡಿಲ್ಲ, ಒಳ್ಳೆಯದಾಯಿತು.

ಈಗ ದುಡ್ಡಿನ ಜಗಳ. ಅವನು ಮೊದಲೂ ಕಳಿಸುತ್ತಿದ್ದಿರಬೇಕು. ಆಗ ‘ಎಂಥ ಒಳ್ಳೆ ಮಗ’ ಅನಿಸಿದ್ದೇ ಈಗ ‘ನನಗೇನು ಉಳೀತು’ ಆಗಿದೆ. ಗೀಳು ಇಳಿದ ಮೇಲೆ ಬರುವ ಎರಡನೆಯ ಹಂತವೆಂದರೆ ಇದೇ. ದಂಪತಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಲೆಕ್ಕದಲ್ಲಿ, ಜೋಡಿಗಳ ಜಗಳಗಳಲ್ಲಿ ನೂರಕ್ಕೆ 69 ಎಂದೂ ಪೂರ್ತಿ ಬಗೆಹರಿಯುವುದಿಲ್ಲ. ಅವು ಸ್ವಭಾವದಿಂದ, ಬೆಳೆದ ಮನೆಯಿಂದ ಬಂದವು. ಗೆಲ್ಲಲು ಹೋಗಬೇಡಿ, ಕೇಳಿ ತಿಳಿದುಕೊಳ್ಳಿ. ಅವನು ಕಳಿಸುವುದು 20,000 ಅಂದುಕೊಳ್ಳಿ. ಅದರಲ್ಲಿ 12,000 ಎರಡು ವರ್ಷಕ್ಕೆ ತೀರುವ ಬೋರ್‌ವೆಲ್ ಸಾಲದ ಕಂತಾದರೆ ಒಂದು ಮಾತು. ‘ಅಮ್ಮ ಕೇಳಿದಷ್ಟು’ ಎಂದಾದರೆ ಬೇರೆಯೇ ಮಾತು. ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ನಿಮ್ಮ ಮನೆಗೆ ನೀವು ಕೊಡಬೇಕೆಂದಿರುವುದನ್ನೂ.

ಬರೆಯುವಾಗ ಅಂಕಿಗಿಂತ ಅವನ ಮುಖ ನೋಡಿ. ದನಿ ಏರಿಸಿದರೂ ಲೆಕ್ಕ ಮುಂದಿಟ್ಟರೆ ಅಷ್ಟು ಭಯವಿಲ್ಲ. ಲೆಕ್ಕ ಮುಚ್ಚಿಟ್ಟು, ‘ನಿಮ್ಮ ಮನೆಯವರ ಬುದ್ಧಿಯೇ ಇಷ್ಟು’ ಎಂದು ಮೂತಿ ತಿರುವಿದರೆ ಎಚ್ಚರವಾಗಿ. ವಿಚ್ಛೇದನದ ಎಲ್ಲಕ್ಕಿಂತ ದೊಡ್ಡ ಮುನ್ಸೂಚನೆ ಎಂದು ಗಾಟ್‌ಮನ್ ಹೇಳುವುದು ಈ ತಾತ್ಸಾರವನ್ನೇ, ಕೋಪವನ್ನಲ್ಲ. (ನಿಮ್ಮ ಬಾಯಲ್ಲೂ ಅಂಥ ಮಾತು ಬರುತ್ತದೆಯೇ? ಪತ್ರದಲ್ಲಿ ಬರೆದಿಲ್ಲ, ಕೇಳಿದೆ ಅಷ್ಟೆ.)

ಈ ಹಂತ ದಾಟಿದವರ ಬದುಕು ನೋಡುವುದಕ್ಕೆ ತೀರಾ ಸಪ್ಪೆ. ‘ನೋಡೇ, ಮಳೆ ಬಂತು’ ಅಂದರೆ ಫೋನಿನಿಂದ ತಲೆ ಎತ್ತುವುದು, ಅಷ್ಟೇ. ಗಾಟ್‌ಮನ್ ನವದಂಪತಿಗಳನ್ನು ಗಮನಿಸಿ ಆರು ವರ್ಷದ ನಂತರ ವಿಚಾರಿಸಿದಾಗ, ಜೊತೆಗಿದ್ದವರು ಇಂಥ ಸಣ್ಣ ಕರೆಗಳಲ್ಲಿ ನೂರಕ್ಕೆ 86ಕ್ಕೆ ಓಗೊಟ್ಟಿದ್ದರು, ಬೇರೆಯಾದವರು 33ಕ್ಕೆ. ಒಂದು ವಾರ ಸುಮ್ಮನೆ ಗಮನಿಸಿ, ಅವನನ್ನೂ ನಿಮ್ಮನ್ನೂ.

ಹಾಳೆ ತುಂಬುವವರೆಗೆ ಮನೆಯಲ್ಲಿ ಬಾಯಿ ಬಿಡಬೇಡಿ. ಹುಡುಗನ ಸಂಬಳ ಎಷ್ಟು, ಕೈಗೆಷ್ಟು ಉಳಿಯುತ್ತದೆ ಎಂಬುದೇ ದೊಡ್ಡಪ್ಪನ ಮೊದಲ ಪ್ರಶ್ನೆಯಾಗಿರುತ್ತದೆ. ಆಗ ನಿಮ್ಮಿಬ್ಬರ ಬಾಯಲ್ಲೂ ಒಂದೇ ಉತ್ತರ ಬರಬೇಕು.